ವಾಲ್ಕೆನೋ ಪ್ಲಾಟ್‌ನ ಬಲತುದಿಯ ಚುಕ್ಕಿಗಳನ್ನು ನಂಬಬಹುದಾ? ಅನುಭವ ಹೇಳಿ

ಹೊಸ ಬೆಂಚು: ಔಷಧ ಹಾಕಿದ ಮೂರು ಸ್ಯಾಂಪಲ್, ಹಾಕದ ಮೂರು ಸ್ಯಾಂಪಲ್, ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿಸಿದ್ದೇನೆ. ಪ್ಲಾಟ್‌ನ ಬಲತುದಿಯಲ್ಲಿ log2 ಫೋಲ್ಡ್ ಚೇಂಜ್ 5, 6 ಇರುವ ಚುಕ್ಕಿಗಳಿವೆ. ಆದರೆ ಎತ್ತರ ಇಲ್ಲ, p ಗೆರೆಗಿಂತ ಸ್ವಲ್ಪವೇ ಮೇಲೆ. ತುಂಬಾ ಎತ್ತರ ಹೋದ ಕೆಲವು ಚುಕ್ಕಿಗಳು 0.6, 0.7ರ ಹತ್ತಿರವೇ ನಿಂತಿವೆ. ಕ್ಯೂಪಿಸಿಆರ್‌ಗೆ ನಾಲ್ಕು ಜೀನ್‌ಗಾಗುವಷ್ಟೇ ದುಡ್ಡಿದೆ. ಯಾವುದನ್ನು ಆರಿಸಲಿ?

ಸುಟ್ಟ ಕೈ: ಬಲತುದಿಯ ಚುಕ್ಕಿ ನೋಡಿ ಮರುಳಾದವನು ನಾನು. ಏಳು ತಿಂಗಳು ಹೋಯಿತು, ಲೆಕ್ಕ ಸಮೇತ ಹೇಳುತ್ತೇನೆ.

ನನ್ನ ಜೀನ್ 5.8ರಲ್ಲಿ ಕೂತಿತ್ತು. ಒಂಟಿ ಚುಕ್ಕಿ, ಸುತ್ತ ಯಾರೂ ಇಲ್ಲ. ಗೈಡ್ ನೋಡಿ "ಇದೇ ನಿನ್ನ ಥೀಸಿಸ್" ಅಂದರು. ಮೊದಲ ಜೊತೆ ಪ್ರೈಮರ್ ಡೈಮರ್ ಆಯಿತು. ಎರಡನೆಯದೂ ಹಾಗೇ. ಮೂರನೆಯದು ಸರಿ ಬಂತು ಅಂದುಕೊಂಡೆ, ಸಿಟಿ ನೋಡಿದರೆ 36. ಏನೂ ಹಾಕದ ಬಾವಿಯಲ್ಲೇ 37 ಬರುತ್ತಿತ್ತು! ಆರ್‌ಎನ್‌ಎ 500 ನ್ಯಾನೋಗ್ರಾಂನಿಂದ ಒಂದು ಮೈಕ್ರೋಗ್ರಾಂಗೆ ಏರಿಸಿದೆ, 35 ಆಯಿತು. ಅಷ್ಟೇ. ಎರಡು ಪಟ್ಟು ಹಾಕಿದರೆ ಒಂದು ಸಿಟಿ ಇಳಿಯುತ್ತೆ ಅನ್ನೋದಷ್ಟೇ ಸಾಬೀತಾಯಿತು.

ಅಷ್ಟಕ್ಕೂ ಬುದ್ಧಿ ಬರಲಿಲ್ಲ. ಪ್ರೋಟೀನ್ ನೋಡೋಣ ಅಂತ ಆಂಟಿಬಾಡಿ ತರಿಸಿದೆ. 38,000 ರೂಪಾಯಿ, ಒಂಬತ್ತು ವಾರ ಕಾದಿದ್ದು. ಪೆಟ್ಟಿಗೆ ಬಂದಾಗ ಐಸ್ ಕರಗಿ ನೀರಾಗಿತ್ತು. ಬ್ಲಾಟ್‌ನಲ್ಲಿ ಒಂದು ಗೆರೆಯೂ ಇಲ್ಲ. ಆಂಟಿಬಾಡಿ ಕೆಟ್ಟಿದೆ ಅಂತ ಸಪ್ಲೈಯರ್ ಜೊತೆ ಒಂದು ತಿಂಗಳು ಜಗಳ ಆಡಿದೆ.

ಕೊನೆಗೆ ಪಕ್ಕದ ಲ್ಯಾಬಿನ ಹುಡುಗಿ ಬಂದು "ಕೌಂಟ್ ಎಷ್ಟಿತ್ತು?" ಅಂತ ಕೇಳಿದಳು. ತೆಗೆದು ನೋಡಿದೆ. ಔಷಧ ಹಾಕದ ಮೂರರಲ್ಲಿ 0, 0, 0. ಹಾಕಿದ ಮೂರರಲ್ಲಿ 5, 9, 7. ಒಂದೊಂದು ಸ್ಯಾಂಪಲ್‌ನಲ್ಲೂ ಎರಡು ಕೋಟಿ ರೀಡ್ ಇದ್ದವು, ಅದರಲ್ಲಿ ಏಳು! ಸೊನ್ನೆಯಿಂದ ಏಳಕ್ಕೆ ಎಷ್ಟು ಪಟ್ಟು ಏರಿತು ಅಂತ ಕೇಳಿದರೆ ಯಾರು ಏನು ಹೇಳುತ್ತಾರೆ? ಸಾಫ್ಟ್‌ವೇರ್ ಏನೋ ಒಂದು ಹೇಳಿತ್ತು, ನಾನು ನಂಬಿದ್ದೆ. ತಿದ್ದಿದ p ಇರುವ `padj` ಕಾಲಂನಲ್ಲಿ ಅದಕ್ಕೆ `NA` ಅಂತ ಬರೆದಿತ್ತು. ನಾನು ಪ್ಲಾಟ್ ಹಾಕಿದ್ದು `pvalue` ಕಾಲಂನಿಂದ, ಹಾಗಾಗಿ ಚುಕ್ಕಿ ಗೆರೆಯ ಮೇಲೆ ರಾಜನ ಥರ ಕೂತಿತ್ತು.

ಮೂಲೆ ಮಾಸ್ತರ: ಇಷ್ಟು ಪುರಾಣ ಯಾಕೆ? ಎರಡು ಕಡೆ 1 ಮತ್ತು -1ಕ್ಕೆ ನೇರ ಗೆರೆ, p 0.05ಕ್ಕೆ ಅಡ್ಡ ಗೆರೆ. ಮೇಲಿನ ಎರಡು ಮೂಲೆಯಲ್ಲಿ ಏನು ಬೀಳುತ್ತೋ ಅದು ನಿಮ್ಮದು, ಉಳಿದದ್ದು ಕಸ. 0.6 ಅಂದರೆ ಒಂದೂವರೆ ಪಟ್ಟು, ಅದು ಬರೀ ಗದ್ದಲ. ಮೂರು ಪೇಪರ್ ಹೀಗೇ ಮಾಡಿದ್ದೇನೆ, ಒಬ್ಬ ರಿವ್ಯೂಯರ್ ಕೂಡ ಪ್ರಶ್ನೆ ಎತ್ತಲಿಲ್ಲ.

ಇಪ್ಪತ್ತೊಂದು: ಮಾಸ್ತರೇ, ರಿವ್ಯೂಯರ್ ಕೇಳಲಿಲ್ಲ ಅಂದರೆ ಸರಿ ಅಂತಲ್ಲ.

ನಾನು ನಾಲ್ಕು ವರ್ಷ ಕೆಲಸ ಮಾಡಿದ್ದು ಡೌನ್ ಸಿಂಡ್ರೋಮ್ ಜೀವಕೋಶಗಳ ಮೇಲೆ. 21ನೇ ಕ್ರೋಮೋಸೋಮ್ ಎರಡರ ಬದಲು ಮೂರು. ಹಾಗಾಗಿ ಅದರ ಮೇಲಿನ ಜೀನ್ ಎಷ್ಟು ಏರಬೇಕು ಅಂತ ನಿರೀಕ್ಷೆ? ಮೂರನ್ನು ಎರಡರಿಂದ ಭಾಗಿಸಿ, ಒಂದೂವರೆ ಪಟ್ಟು. log2 ತೆಗೆದರೆ 0.58. ನಿಮ್ಮ ಗೆರೆ 1ರಲ್ಲಿದೆ. ಅಂದರೆ ಆ ಕಾಯಿಲೆಗೆ ಕಾರಣವಾದ ಕ್ರೋಮೋಸೋಮಿನ ಬಹುಪಾಲು ಜೀನ್‌ಗಳು ನಿಮ್ಮ ಲೆಕ್ಕದಲ್ಲಿ ಕಸ!

ಇದು ನನಗೆ ಆಗಿದೆ, ಅದಕ್ಕೇ ಉರಿ. ಮೊದಲ ವರ್ಷ ಕೋರ್‌ನವರು ಗೆರೆ ಎಳೆದು ಪಟ್ಟಿ ಕೊಟ್ಟರು. ಪಟ್ಟಿಯಲ್ಲಿ 21ನೇ ಕ್ರೋಮೋಸೋಮಿನ ಜೀನ್ ಹೆಚ್ಚುಕಡಿಮೆ ಇರಲೇ ಇಲ್ಲ. ನಮ್ಮ ಸೆಲ್ ಲೈನೇ ತಪ್ಪು ಅಂದುಕೊಂಡು ಕ್ಯಾರಿಯೋಟೈಪ್ ಎರಡು ಸಲ ಮಾಡಿಸಿದೆವು. ಎರಡೂ ಸಲ ಮೂರು ಕಾಪಿ ಸರಿಯಾಗೇ ಇತ್ತು. ಆಮೇಲೆ ಗೆರೆ ಅಳಿಸಿ, ಆ ಕ್ರೋಮೋಸೋಮಿನ ಜೀನ್‌ಗಳಿಗೆ ಮಾತ್ರ ಕೆಂಪು ಬಣ್ಣ ಕೊಟ್ಟು ನೋಡಿದೆ. ಕೆಂಪು ಚುಕ್ಕಿಗಳೆಲ್ಲ ಸೊನ್ನೆಯ ಬಲಕ್ಕೆ ಒಂದೇ ಕಡೆ ಗುಂಪಾಗಿ ನಿಂತಿದ್ದವು. ಗೆರೆಯೇ ಕಣ್ಣು ಮುಚ್ಚಿತ್ತು.

ಇನ್ನೊಂದು. "p 0.05" ಅಂದಿರಲ್ಲ, ಯಾವ p? ತಿದ್ದದ p ಆದರೆ 16,000 ಜೀನ್‌ನಲ್ಲಿ ಏನೂ ಬದಲಾಗದಿದ್ದರೂ 800 ಚುಕ್ಕಿ ಸುಮ್ನೆ ಗೆರೆ ದಾಟುತ್ತವೆ.

ಮೂಲೆ ಮಾಸ್ತರ: ತಿದ್ದಿದ p ಅಂತಲೇ ನಾನು ಹೇಳಿದ್ದು, ಅಷ್ಟೂ ಅರ್ಥ ಆಗಲ್ವಾ? ಮತ್ತೆ ನಿಮ್ಮದು ಕ್ರೋಮೋಸೋಮ್ ಕಥೆ, ಅವರದು ಔಷಧ. ಎಲ್ಲರ ಪ್ಲಾಟ್‌ನಲ್ಲೂ 21 ಹುಡುಕಬೇಡಿ.

ಇಪ್ಪತ್ತೊಂದು: ನೀವು ಹೇಳಿದ್ದು "p 0.05". ಮೇಲೆ ಹಾಗೇ ಇದೆ, ಓದಿಕೊಳ್ಳಿ.

ಸ್ಟುಟ್‌ಗಾರ್ಟ್ ಸೊಸೆ: ಜಗಳ ಆಮೇಲೆ ಆಡಿ. ಬಲತುದಿ ನಿಜವಾಗಿಯೂ ಬಲವೇನಾ ಅಂತ ಮೊದಲು ನೋಡಿಕೊಳ್ಳಲಿ. ನನ್ನ ಮಾನ ಹೋಗಿದ್ದು ಅದರಲ್ಲೇ.

ನಮ್ಮದು ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್. ಗುಂಪುಗಳಿಗೆ drug, vehicle ಅಂತ ಹೆಸರಿಟ್ಟಿದ್ದೆ. R ಅಕ್ಷರಮಾಲೆ ನೋಡುತ್ತೆ, d ಮೊದಲು ಬರುತ್ತೆ, ಹಾಗಾಗಿ ಔಷಧವನ್ನೇ ಆಧಾರ ಮಾಡಿಕೊಂಡು ವೆಹಿಕಲ್ ಎಷ್ಟು ಏರಿದೆ ಅಂತ ಲೆಕ್ಕ ಹಾಕಿಬಿಟ್ಟಿದೆ. ಇಡೀ ಪ್ಲಾಟ್ ಕನ್ನಡಿಯಲ್ಲಿ ತಿರುಗಿದ ಹಾಗೆ. ವಾಲ್ಕೆನೋ ಎರಡೂ ಕಡೆ ಒಂದೇ ಥರ ಕಾಣುತ್ತಲ್ಲ, ಗೊತ್ತೇ ಆಗಲಿಲ್ಲ. ಪೋಸ್ಟರ್ ಮುದ್ರಿಸಿ ಆಗಿತ್ತು, 60 ಯೂರೋ. ಅದರ ಮುಂದೆ ನಿಂತ ಒಬ್ಬ ಅಜ್ಜ ಪ್ರೊಫೆಸರ್ ಎಡಗಡೆ ಬೆರಳಿಟ್ಟು "FKBP5 ಇಲ್ಲೇನು ಮಾಡ್ತಿದೆ?" ಅಂತ ಕೇಳಿದರು. ಸ್ಟಿರಾಯ್ಡ್ ಕೊಟ್ಟರೆ ಆ ಜೀನ್ ಏರಲೇಬೇಕು, ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು! ಆದರೆ ಹೊಸ ಜೀನ್ ಹುಡುಕುವ ಭರದಲ್ಲಿ ಹಳೆಯದು ಎಲ್ಲಿದೆ ಅಂತ ನೋಡಿರಲಿಲ್ಲ.

ಕಲಿಯೋಕೆ ಎಲ್ಲರೂ ಬಳಸುವ airway ಡೇಟಾದಲ್ಲೂ ಇದೇ ಬಲೆ ಇದೆ. ಅಲ್ಲಿ trt, untrt ಅಂತ ಹೆಸರು. t ಮೊದಲು.

```
dds$dex <- relevel(dds$dex, ref = "untrt")
dds <- DESeq(dds)
res <- results(dds, name = "dex_trt_vs_untrt")
```

ಇದಾದ ಮೇಲೆ FKBP5 ಬಲಕ್ಕೆ ಬರಬೇಕು. ನಿಮ್ಮ ಔಷಧಕ್ಕೂ ಇಂಥ ಒಂದು ಗೊತ್ತಿರುವ ಜೀನ್ ಇದ್ದೇ ಇರುತ್ತೆ.

ಲಕ್ಷ ಕೋಶ: ನನ್ನದು ಇದಕ್ಕಿಂತ ಕೆಟ್ಟದ್ದು. ಚುಕ್ಕಿಗಳೆಲ್ಲ 300ರ ಎತ್ತರಕ್ಕೆ ಹೋಗಿ ಮಾಳಿಗೆಗೆ ತಲೆ ತಾಗಿದ ಹಾಗೆ ಸಾಲಾಗಿ ನಿಂತವು. p ಎಷ್ಟು ಚಿಕ್ಕದಾಯಿತು ಅಂದರೆ ಕಂಪ್ಯೂಟರ್ ಅದನ್ನು ಸೊನ್ನೆ ಅಂತ ಬರೆದಿತ್ತು. ಖುಷಿಗೆ ಲ್ಯಾಬಿಗೆಲ್ಲ ಮೈಸೂರ್ ಪಾಕ್ ಹಂಚಿದೆ. ಸಿಂಗಲ್ ಸೆಲ್ ಡೇಟಾ, 40,000 ಜೀವಕೋಶ, ಆದರೆ ಜನ ಎಷ್ಟು? ಎರಡು ಮತ್ತು ಎರಡು. ಒಬ್ಬನ ಹತ್ತು ಸಾವಿರ ಕೋಶವನ್ನು ಹತ್ತು ಸಾವಿರ ಜನ ಅಂತ ಎಣಿಸಿದ ಹಾಗಾಯಿತು. ಒಬ್ಬೊಬ್ಬರ ಕೋಶಗಳ ಕೌಂಟ್ ಕೂಡಿಸಿ ಮತ್ತೆ ಮಾಡಿದಾಗ ಗೆರೆ ದಾಟಿದ್ದು ಹನ್ನೊಂದು ಜೀನ್. ನೀವು ಎಷ್ಟು ಕೋಶ ಹಾಕಿದ್ದೀರಿ?

ಹೊಸ ಬೆಂಚು: ನನ್ನದು ಸಿಂಗಲ್ ಸೆಲ್ ಅಲ್ಲ ಸರ್.

ತುಂಗಾತೀರ: ಹನ್ನೆರಡು ವರ್ಷದಿಂದ ಇದೇ ಕೆಲಸ. ಎರಡು ಮಾತು ಹೇಳುತ್ತೇನೆ.

ಬಲತುದಿಯ ಜೀನ್‌ಗಳನ್ನು ಒಂದೊಂದಾಗಿ `plotCounts(dds, gene, intgroup = "dex")` ಹಾಕಿ ಆರು ಚುಕ್ಕಿ ಕಣ್ಣಾರೆ ನೋಡಿ. dex ಬದಲು ನಿಮ್ಮ ಕಾಲಂ ಹೆಸರು. ಆಮೇಲೆ ಶ್ರಿಂಕ್ ಮಾಡಿ:

```
shr <- lfcShrink(dds, coef = "dex_trt_vs_untrt", type = "apeglm")
```

ಕೌಂಟ್ ಕಡಿಮೆ ಇದ್ದು ತುದಿಗೆ ಹಾರಿದ ಚುಕ್ಕಿಗಳಲ್ಲಿ ಹೆಚ್ಚಿನವು ನಡುವಿಗೆ ಸರಿಯುತ್ತವೆ. ಎತ್ತರ ಬದಲಾಗಲ್ಲ, p ಮೊದಲಿನದ್ದೇ. ಕೌಂಟ್ ಚೆನ್ನಾಗಿರುವ ದೊಡ್ಡ ಬದಲಾವಣೆಗಳು ಅಲ್ಲಾಡಲ್ಲ. ಸುಟ್ಟ ಕೈ ಅವರ ಜೀನ್ ಎಲ್ಲಿಗೆ ಬರುತ್ತಿತ್ತೋ ಅವರೇ ಹೇಳಲಿ.

ಎತ್ತರದ ಚುಕ್ಕಿ 0.6ರಲ್ಲಿ ನಿಂತಿದೆ ಅಂದರೆ ಅದು ಗದ್ದಲ ಅಲ್ಲ, ಮಾಸ್ತರು ಅಲ್ಲಿ ತಪ್ಪಿದರು. ಕೌಂಟ್ ಸಾವಿರಗಟ್ಟಲೆ ಇರುವ ಜೀನ್ ಸ್ವಲ್ಪ ಕದಲಿದರೂ ಖಚಿತವಾಗಿ ಗೊತ್ತಾಗುತ್ತೆ, ಅದಕ್ಕೇ ಆ ಎತ್ತರ. ಆದರೆ ಕ್ಯೂಪಿಸಿಆರ್‌ಗೆ ಅದು ಕಷ್ಟದ ಗಿರಾಕಿ. ಪ್ರೈಮರ್ ಪೂರ್ತಿ ಸರಿಯಿದ್ದರೆ log2 ಒಂದಕ್ಕೆ ಸಿಟಿ ಒಂದು. 0.6 ಅಂದರೆ ಅರ್ಧ ಸಿಟಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಕೈಯ ಪಿಪೆಟಿಂಗ್‌ನಲ್ಲೇ ಮೂರು ಬಾವಿಗಳ ನಡುವೆ 0.2, 0.3 ಆಚೀಚೆ ಆಗುತ್ತೆ. ನಾಲ್ಕೇ ಜೀನ್‌ಗೆ ದುಡ್ಡಿದ್ದರೆ `baseMean` ಕೆಲವು ನೂರು ದಾಟಿ, ಶ್ರಿಂಕ್ ಆದ ಮೇಲೂ 1.5ರಿಂದ 3ರೊಳಗೆ ನಿಂತಿರುವ ಮೂರು ತಗೊಳ್ಳಿ, ಎತ್ತರದ್ದು ಒಂದು. ಮತ್ತೆ ಅದೇ ಹಳೆಯ ಆರ್‌ಎನ್‌ಎ ಮೇಲೆ ಮಾಡಬೇಡಿ. ಕೋಶ ಹೊಸದಾಗಿ ಬೆಳೆಸಿ.

ಸುಟ್ಟ ಕೈ: ಹೇಳುತ್ತೇನೆ ಸರ್. ಒಂದು ವರ್ಷ ಬಿಟ್ಟು ಶ್ರಿಂಕ್ ಮಾಡಿ ನೋಡಿದೆ, ಸೊನ್ನೆ ಪಕ್ಕಕ್ಕೆ ಬಂದು ಕೂತಿತು. ಆ ದಿನ ಊಟ ಸೇರಲಿಲ್ಲ.

ಇಪ್ಪತ್ತೊಂದು: ತುಂಗಾತೀರ ಸರ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕ್ಯೂಪಿಸಿಆರ್‌ಗೆ ಸುಲಭ ಅಂತ ಜೀನ್ ಆರಿಸೋದು ಯಾವ ನ್ಯಾಯ? ಔಷಧದ ಕೆಲಸ ಆ 0.6ರಲ್ಲೇ ಇದ್ದರೆ?

ತುಂಗಾತೀರ: ಇರಬಹುದು. ಆಗ ಮೂರು ಸ್ಯಾಂಪಲ್ ಸಾಲಲ್ಲ, ಎಂಟು ಬೇಕು. ಅವರ ಹತ್ತಿರ ದುಡ್ಡಿಲ್ಲ ಅಂದರಲ್ಲ ತಾಯಿ.

ಮೂಲೆ ಮಾಸ್ತರ: ಅಂದರೆ ಸರ್ ಕೂಡ ಕೊನೆಗೆ 1ರ ಮೇಲಿನದ್ದನ್ನೇ ಹೇಳಿದರು. ನಾನು ಅದನ್ನೇ ಎರಡು ಸಾಲಲ್ಲಿ ಹೇಳಿದ್ದೆ. ನಾನು ಎಲ್ಲಾ ಎಕ್ಸೆಲ್‌ನಲ್ಲೇ ಸೋಸುತ್ತೇನೆ, ಈ ಕೋಡು ಗೀಡು ಬೇಕಿಲ್ಲ.

ಸ್ಟುಟ್‌ಗಾರ್ಟ್ ಸೊಸೆ: ಎಕ್ಸೆಲ್! ನಿಮ್ಮ ಪಟ್ಟಿಯಲ್ಲಿ 1-Mar ಅಂತ ಎಷ್ಟು ಜೀನ್ ಇವೆ ನೋಡಿದ್ದೀರಾ? MARCH1 ಅನ್ನೋದನ್ನು ಅದು ತಾರೀಖು ಮಾಡಿಬಿಡುತ್ತೆ. ಈ ಕಾಟಕ್ಕೇ 2020ರಲ್ಲಿ ಜೀನಿನ ಹೆಸರನ್ನೇ MARCHF1 ಅಂತ ಬದಲಿಸಿದರು.

ಮೂಲೆ ಮಾಸ್ತರ: ಹೆಸರು ಬದಲಾಯಿತಲ್ಲ, ಇನ್ನೇನು ತೊಂದರೆ?

ಸ್ಟುಟ್‌ಗಾರ್ಟ್ ಸೊಸೆ: ನಿಮ್ಮ ಅನೋಟೇಶನ್ ಫೈಲ್ ಯಾವ ವರ್ಷದ್ದು?

ಮೂಲೆ ಮಾಸ್ತರ: ಅದು ಇಲ್ಲಿ ವಿಷಯ ಅಲ್ಲ.

ಲಕ್ಷ ಕೋಶ: 2016ರದ್ದೇ ಇರಬೇಕು 😄

ಹೊಸ ಬೆಂಚು: ಬಲತುದಿಯ ಒಂಬತ್ತು ಜೀನ್ ತೆಗೆದು ನೋಡಿದೆ. ಆರರಲ್ಲಿ ಔಷಧ ಹಾಕದ ಕಡೆ ಮೂರೂ ಸೊನ್ನೆ, ಹಾಕಿದ ಕಡೆ ಹತ್ತರ ಒಳಗೆ. `padj` ಆರಕ್ಕೂ `NA`. ಉಳಿದ ಮೂರರಲ್ಲಿ ಒಂದು ಚೆನ್ನಾಗಿದೆ, 3, 0, 2 ಇದ್ದದ್ದು 140, 118, 165 ಆಗಿದೆ. `baseMean` ಮಾತ್ರ 71, ತುಂಗಾತೀರ ಸರ್ ಹೇಳಿದ "ಕೆಲವು ನೂರು" ಇಲ್ಲ. ಇದನ್ನು ತಗೊಳ್ಳಬಹುದಾ?

ಸುಟ್ಟ ಕೈ: ತಗೊಳ್ಳಿ. ಆಂಟಿಬಾಡಿ ಮಾತ್ರ ಈಗಲೇ ತರಿಸಬೇಡಿ.

ತುಂಗಾತೀರ: ತಗೊಳ್ಳಿ. ಹಾಕದ ಕಡೆ ಸಿಟಿ 35ರ ಆಚೆ ಹೋದರೂ ಗಾಬರಿ ಬೇಡ, ಹಾಕಿದ ಕಡೆ ಐದಾರು ಸಿಟಿ ಕೆಳಗೆ ಬರಬೇಕು. ಎಷ್ಟು ಪಟ್ಟು ಅಂತ ನಿಖರವಾಗಿ ಬರೆಯೋಕೆ ಹೋಗಬೇಡಿ ಅಷ್ಟೇ.

ಇಪ್ಪತ್ತೊಂದು: ಆ 0.7ರದ್ದು ಯಾವ ಜೀನ್ ಅಂತ ಇನ್ನೂ ಹೇಳಲೇ ಇಲ್ಲ ನೀವು.