ಅಪ್‌ಡೇಟ್: ಮ್ಯಾರಥಾನ್ ತಯಾರಿಗಾಗಿ ಮ್ಯಾನೇಜರ್‌ಗೆ ಬರೆದ ಇಮೇಲ್

ನನ್ನ ಮೂಲ ಪ್ರಶ್ನೆ: "ಮ್ಯಾರಥಾನ್ ತಯಾರಿಗೆ ಕೆಲಸದ ವೇಳೆಯಲ್ಲಿ ಸಡಿಲಿಕೆಯನ್ನೂ ರಜೆಯನ್ನೂ ಕೇಳಿ ಮ್ಯಾನೇಜರ್‌ಗೆ ಇಮೇಲ್ ಬರೆಯುವುದು ಹೇಗೆ?"

ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು. ಒಂದು ಬದಲಾವಣೆಯೊಂದಿಗೆ ಕೋರಿಕೆ ಮಂಜೂರಾಗಿದೆ.

ಮೊದಲ ಕರಡಿನಲ್ಲಿ "ನಾಲ್ಕು ತಿಂಗಳು ಬೆಳಗಿನ ವೇಳೆ ಸ್ವಲ್ಪ ಸಡಿಲವಾಗಿರಲಿ" ಎಂದಷ್ಟೇ ಬರೆದಿದ್ದೆ. ಅದನ್ನು ಓದಿದವರಿಗೆ ನಾನು ಯಾವ ದಿನ, ಎಷ್ಟು ಗಂಟೆಗೆ ಸಿಗುತ್ತೇನೆಂಬುದೇ ತಿಳಿಯುತ್ತಿರಲಿಲ್ಲ. ಅದನ್ನು ಹೀಗೆ ತಿದ್ದಿದೆ: "ಮುಂದಿನ 13 ವಾರಗಳ ಕಾಲ ಮಂಗಳವಾರ ಮತ್ತು ಗುರುವಾರ 9ರ ಬದಲು 10:30ಕ್ಕೆ ಕೆಲಸ ಆರಂಭಿಸಿ, ಸಂಜೆ 7:30ರವರೆಗೆ ಇರಲು ಅನುಮತಿ ಕೋರುತ್ತೇನೆ." ತಯಾರಿ 16 ವಾರಗಳದ್ದಾದರೂ, ಕೊನೆಯ 3 ವಾರಗಳಲ್ಲಿ ದೇಹ ಚೇತರಿಸಿಕೊಳ್ಳಲೆಂದು ಓಟದ ದೂರವನ್ನು ಇಳಿಸುತ್ತಾ ಬರುವುದರಿಂದ ಆಗ ಎಂದಿನ ವೇಳೆಗೇ ಬರಬಹುದೆಂದೂ ಸೇರಿಸಿದೆ. ಈ ಸಾಲು ತಮಗೆ ಹಿಡಿಸಿತೆಂದು ಮ್ಯಾನೇಜರ್ ಅವರೇ ಹೇಳಿದರು.

ಗುರುವಾರ ಬೆಳಿಗ್ಗೆ ತಂಡದ ಸಭೆ ಇರುವುದರಿಂದ ಅವರು ಬುಧವಾರವನ್ನು ಸೂಚಿಸಿದರು. ಆದರೆ ಮಂಗಳವಾರದ ವೇಗದ ಓಟದ ಮರುದಿನವೇ 15 ಕಿ.ಮೀ. ಓಡಿದರೆ ಕಾಲುಗಳಿಗೆ ವಿಶ್ರಾಂತಿ ಸಿಗದೆಂದು ವಿವರಿಸಿದಾಗ ಶುಕ್ರವಾರಕ್ಕೆ ಒಪ್ಪಿದರು. ಸ್ಪರ್ಧೆ ಭಾನುವಾರವಿದ್ದು, ಸ್ನಾಯುಗಳ ನೋವು ಎರಡನೆಯ ದಿನ ಇನ್ನೂ ಹೆಚ್ಚಾಗಬಹುದಾದ್ದರಿಂದ ಸೋಮವಾರ ಮಾತ್ರವಲ್ಲದೆ ಮಂಗಳವಾರಕ್ಕೂ ರಜೆ ಕೇಳಿದ್ದೆ. ಎರಡೂ ದಿನ ಸಿಕ್ಕಿವೆ.