ಸಹಾಯ ಬೇಕು: ಶೆಲ್ ಅಂಡ್ ಟ್ಯೂಬ್ ಶಾಖ ವಿನಿಮಯಕದಲ್ಲಿ F ತೀರಾ ಕಡಿಮೆ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಒಂದು ಶೆಲ್ ಪಾಸ್ ಮತ್ತು ಎರಡು ಟ್ಯೂಬ್ ಪಾಸ್‌ಗಳ ವಿನಿಮಯಕದ ಗಾತ್ರವನ್ನು LMTD ವಿಧಾನದಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಶೆಲ್ ಬದಿಯಲ್ಲಿ ಸೆಕೆಂಡಿಗೆ 5 ಕೆ.ಜಿ. ತೈಲ 90 ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ತಣಿಯಬೇಕು. ಟ್ಯೂಬ್‌ಗಳಲ್ಲಿ ನೀರು 30 ರಿಂದ 50 ಡಿಗ್ರಿಗೆ ಏರುತ್ತದೆ. ತೈಲದ ವಿಶಿಷ್ಟ ಉಷ್ಣ 2.1 kJ/kg·K ಆದ್ದರಿಂದ ಶಾಖದ ಹೊರೆ 472.5 kW.

ಪ್ರತಿಪ್ರವಾಹದ LMTD 25.5 ಡಿಗ್ರಿ ಬರುತ್ತದೆ. ಆದರೆ R = 2.25, P = 0.33 ಇರುವಾಗ ತಿದ್ದುಪಡಿ ಗುಣಕ F ಕೇವಲ 0.67. ನೀರು ಹೊರಬರುವ ಉಷ್ಣತೆ ತೈಲ ಹೊರಬರುವ ಉಷ್ಣತೆಗಿಂತ 5 ಡಿಗ್ರಿ ಹೆಚ್ಚಿರುವುದೇ ಇದಕ್ಕೆ ಕಾರಣ. U = 300 W/m²·K ಎಂದು ಊಹಿಸಿದರೆ `A = Q/(U·F·LMTD)` ಪ್ರಕಾರ ಸುಮಾರು 93 ಚದರ ಮೀಟರ್ ಬೇಕು. ವಿಸ್ತೀರ್ಣಕ್ಕಿಂತ ನನ್ನನ್ನು ಕಾಡುವುದು ಬೇರೆ: ಈ ಭಾಗದಲ್ಲಿ F ರೇಖೆ ಕಡಿದಾಗಿ ಇಳಿಯುವುದರಿಂದ, ಉಷ್ಣತೆ ಒಂದೆರಡು ಡಿಗ್ರಿ ಬದಲಾದರೂ ಲೆಕ್ಕ ಕುಸಿಯುತ್ತದೆ.

ಎರಡು ದಾರಿಗಳು ಕಾಣುತ್ತಿವೆ. ನೀರಿನ ಹರಿವನ್ನು ಸೆಕೆಂಡಿಗೆ 5.65 ರಿಂದ 9.4 ಕೆ.ಜಿ.ಗೆ ಏರಿಸಿ ಅದನ್ನು 42 ಡಿಗ್ರಿಯಲ್ಲೇ ಹೊರಬಿಟ್ಟರೆ F 0.865 ಆಗಿ, ವಿಸ್ತೀರ್ಣ 64 ಚದರ ಮೀಟರ್‌ಗೆ ಇಳಿಯುತ್ತದೆ. ಹರಿವನ್ನು ಹಾಗೆಯೇ ಇಟ್ಟು ಎರಡು ಶೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ F 0.94 ಆಗಿ, ಒಟ್ಟು 66 ಚದರ ಮೀಟರ್ ಸಾಕು. ತೈಲ ಬದಿಯ ಪ್ರತಿರೋಧವೇ ಪ್ರಧಾನವಾಗಿರುವುದರಿಂದ ನೀರಿನ ವೇಗ ಹೆಚ್ಚಿದರೂ U ಹೆಚ್ಚು ಏರದು ಎಂದು ನನ್ನ ಅಂದಾಜು.

ಪಂಪಿನ ಹೊರೆ ಮತ್ತು ತೈಲ ಬದಿಯ ಒತ್ತಡ ನಷ್ಟ ಎರಡನ್ನೂ ಗಣಿಸಿದಾಗ ನೀವು ಯಾವುದನ್ನು ಆರಿಸುತ್ತೀರಿ? ಅನುಭವವುಳ್ಳವರು ಕಾರಣಸಹಿತ ತಿಳಿಸಬೇಕೆಂದು ವಿನಂತಿ.