ಅಪ್‌ಡೇಟ್: ‘ಚರ್ಚೆಯೇ ಇಲ್ಲ’ ಎಂದ ಗೈಡ್ ಜೊತೆ ಮತ್ತೆ ಮಾತಾಡಿದೆ

ನನ್ನ ಪ್ರಶ್ನೆ: “ನೇತ್ರಾವತಿ ಅಳಿವೆಯ ಉಪ್ಪಿನಂಶದ ಬಗ್ಗೆ ಬರೆದ ಅಧ್ಯಾಯ ನೋಡಿ ಗೈಡ್ ‘ಇದರಲ್ಲಿ ಚರ್ಚೆಯೇ ಇಲ್ಲ’ ಅಂದರು. ವಾದಕ್ಕಿಳಿಯದೆ, ಅವರಿಗೆ ಏನು ಬೇಕೆಂದು ಕೇಳುವುದು ಹೇಗೆ?”

ನೀವೆಲ್ಲ ಹೇಳಿದ ಹಾಗೆ ಸಮಜಾಯಿಷಿಗೆ ಹೋಗಲಿಲ್ಲ. ಅವರ ಮಾತನ್ನು ಹಾಗೆಯೇ ಬರೆದುಕೊಂಡು, ಮಾರನೆಯ ದಿನ ಒಂದೇ ಪ್ಯಾರಾ ಪ್ರಿಂಟ್ ಹಾಕಿಕೊಂಡು ಹೋದೆ. “ಮೇಡಂ, ಇದರಲ್ಲಿ ಯಾವ ವಾಕ್ಯ ಆದ ಮೇಲೆ ಚರ್ಚೆ ಬರಬೇಕಿತ್ತು?” ಎಂದು ಕೇಳಿದೆ. ಇಡೀ ಅಧ್ಯಾಯ ಮುಂದಿಟ್ಟು “ಏನು ಸರಿ ಮಾಡಲಿ” ಅಂದಿದ್ದರೆ ಪುನಃ ಅದೇ ಉತ್ತರ ಸಿಗುತ್ತಿತ್ತು ಎಂದು ನನಗೆ ಖಾತ್ರಿ.

“ಮಳೆಗಾಲದಲ್ಲಿ ಉಪ್ಪಿನಂಶ ಇಳಿಯಿತು” ಎಂಬಲ್ಲಿ ಅವರು ಗೆರೆ ಎಳೆದರು. “ಇಳಿದದ್ದು ಟೇಬಲ್‌ನಲ್ಲೇ ಕಾಣ್ತದೆ ಮಾರಾಯ. ಯಾಕೆ ಇಳಿಯಿತು? ಸ್ಯಾಂಪಲ್ ತೆಗೆದದ್ದು ಉಬ್ಬರದಲ್ಲಾ, ಇಳಿತದಲ್ಲಾ? ಅದು ಬರಿ.”

ಫೀಲ್ಡ್ ನೋಟ್‌ಬುಕ್ ತೆಗೆದು ನೋಡಿದೆ. ಬೇಸಿಗೆಯ ಸ್ಯಾಂಪಲ್‌ಗಳು ಹೆಚ್ಚಿನವು ಉಬ್ಬರದ ಹೊತ್ತಿನವು, ಮಳೆಗಾಲದವು ಇಳಿತದವು. ಉಬ್ಬರದಲ್ಲಿ ಕಡಲ ನೀರು ಒಳಗೆ ನುಗ್ಗುವುದರಿಂದ, ಆ ವ್ಯತ್ಯಾಸವೆಲ್ಲ ಮಳೆಯದ್ದೇ ಎನ್ನಲು ಬರುವುದಿಲ್ಲ. ಅಷ್ಟನ್ನೇ ಸೇರಿಸಿ ಆ ಪ್ಯಾರಾ ಮಾತ್ರ ತಿದ್ದಿ ತೋರಿಸಿ, “ಉಳಿದದ್ದಕ್ಕೂ ಇದೇ ಕ್ರಮವಾ?” ಎಂದು ಕೇಳಿದೆ. “ಹೌದು, ಆದರೆ ತಾಪಮಾನದ ಭಾಗಕ್ಕೆ ಸ್ಯಾಂಪಲ್ ತೆಗೆದ ಗಂಟೆಯನ್ನೂ ನೋಡು” ಅಂದರು. ಈಗ ಆ ಭಾಗ ಬರೆಯುತ್ತಿದ್ದೇನೆ.